ಒಂದು ಕಂಪನಿ, ಮೂರು ಹುದ್ದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಗಾರ್ಮೆಂಟ್ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಕುಳಿತು ಬಹಳ ವರ್ಷ ಬಯೋಡೇಟಾ ತಿರುವಿಹಾಕಿದವನು ನಾನು. ನನ್ನದೇ ಒಂದು ತಪ್ಪಿನಿಂದ ಮಾತು ಶುರುಮಾಡುತ್ತೇನೆ. 2024ರಲ್ಲಿ ಒಬ್ಬ ಹೆಣ್ಣುಮಗಳ ಅರ್ಜಿಯನ್ನು ‘ಇವರು ಎಲ್ಲಿಯೂ ನಿಲ್ಲುವವರಲ್ಲ’ ಎಂದು ಬದಿಗಿಟ್ಟೆ. ಸಂಜೆ ಕಟ್ಟು ಕಟ್ಟುವಾಗ ಮತ್ತೊಮ್ಮೆ ಕಣ್ಣು ಹಾಯಿಸಿದರೆ, ಆಕೆ ಹನ್ನೊಂದು ವರ್ಷ ಒಂದೇ ಕಂಪನಿಯಿಂದ ಕದಲಿರಲೇ ಇಲ್ಲ!

ನಾನು ಎಡವಿದ್ದೆಲ್ಲಿ? ಅನುಭವದ ಭಾಗದಲ್ಲಿ ಕಂಪನಿಯ ಹೆಸರು ಮೂರು ಬಾರಿ ಇತ್ತು. ಪ್ರತಿ ಬಾರಿಯೂ ಹೆಸರು, ವಿಳಾಸ, ತಾರೀಖು, ಕೆಳಗೆ ಕೆಲಸದ ವಿವರ. ಒಂದು ಕಡೆ ‘ಪ್ರೈವೇಟ್ ಲಿಮಿಟೆಡ್’ ಸೇರಿತ್ತು, ಇನ್ನೊಂದು ಕಡೆ ಇರಲಿಲ್ಲ. ಅವಸರದ ಕಣ್ಣಿಗೆ ಅದು ಮೂರು ನೌಕರಿ, ಎರಡು ರಾಜೀನಾಮೆ. ಸಾಲದ್ದಕ್ಕೆ ‘ದಿನದ ಟಾರ್ಗೆಟ್ ಪೂರೈಸುವುದು’ ಎಂಬ ಸಾಲು ಮೂರೂ ಕಡೆ ಇತ್ತು.

ಆಕೆ 2013ರ ಜೂನ್‌ನಲ್ಲಿ ಕ್ವಾಲಿಟಿ ಚೆಕರ್ ಆಗಿ ಸೇರಿದವರು. 2016ರ ಏಪ್ರಿಲ್‌ನಲ್ಲಿ ಲೈನ್ ಸೂಪರ್‌ವೈಸರ್ ಆದರು, 2020ರ ಸೆಪ್ಟೆಂಬರ್‌ನಲ್ಲಿ ಫ್ಲೋರ್ ಇನ್‌ಚಾರ್ಜ್. ಇದನ್ನು ಹೇಗೆ ಬರೆಯಬೇಕಿತ್ತು? ಕಾಗದ, ಪೆನ್ನು ಹತ್ತಿರವಿದ್ದರೆ ನನ್ನ ಜೊತೆಯೇ ಬರೆದು ನೋಡಿ. ಮೊದಲ ಸಾಲಿನಲ್ಲಿ ಕಂಪನಿಯ ಹೆಸರು, ಒಂದೇ ಸಲ. ಅದೇ ಸಾಲಿನ ಬಲತುದಿಯಲ್ಲಿ ಒಟ್ಟು ಅವಧಿ: 2013 ಜೂನ್‌ನಿಂದ ಇಂದಿನವರೆಗೆ. ಅದರ ಕೆಳಗೆ ತುಸು ಒಳಸರಿಸಿ ಈಗಿನ ಹುದ್ದೆ, ಅದರದೇ ತಾರೀಖು. ಅದರ ಕೆಳಗೆ ಸೂಪರ್‌ವೈಸರ್, ಕೊನೆಯಲ್ಲಿ ಚೆಕರ್. ಹೊಸದು ಮೇಲೆ, ಹಳೆಯದು ಕೆಳಗೆ.

ಇನ್ನು ಕೆಲಸದ ವಿವರ. ಈಗಿನ ಹುದ್ದೆಗೆ ಮೂರು ನಾಲ್ಕು ಸಾಲು ಕೊಡಿ. ಚೆಕರ್ ಹುದ್ದೆಗೆ ಒಂದೇ ಸಾಲು ಸಾಕು. ಹುದ್ದೆಯಿಂದ ಹುದ್ದೆಗೆ ಹೊಣೆ ಎಷ್ಟು ಹಿಗ್ಗಿತು ಎಂಬುದು ಕಾಣಬೇಕು. ಆಕೆ ಹೊಸದಾಗಿ ಬರೆದದ್ದು ಹೀಗೆ: ಚೆಕರ್ ಆಗಿ ಒಂದು ಲೈನಿನ ಕೊನೆಯಲ್ಲಿ ಪೀಸ್ ತಪಾಸಣೆ, ಸೂಪರ್‌ವೈಸರ್ ಆಗಿ ನಲವತ್ತು ಮೆಷಿನ್‌ಗಳ ಒಂದು ಲೈನ್, ಇನ್‌ಚಾರ್ಜ್ ಆಗಿ ಅಂಥ ಆರು ಲೈನ್‌ಗಳು, ಅವುಗಳ ಸೂಪರ್‌ವೈಸರ್‌ಗಳು. ‘ಬಡ್ತಿ ಪಡೆದೆ’ ಎಂದು ಬೇರೆ ಹೇಳಬೇಕಾಗಲೇ ಇಲ್ಲ.

ಹುದ್ದೆಯ ಹೆಸರು ಮಾತ್ರ ಬದಲಾಗಿ ಕೆಲಸ ಅದೇ ಆಗಿದ್ದರೆ, ಉದಾಹರಣೆಗೆ ಸೂಪರ್‌ವೈಸರ್ ಹೋಗಿ ಸೀನಿಯರ್ ಸೂಪರ್‌ವೈಸರ್ ಆಗಿದ್ದರೆ, ಎರಡು ಹುದ್ದೆಗಳನ್ನೂ ತಾರೀಖಿನೊಡನೆ ಒಂದರ ಕೆಳಗೊಂದು ಬರೆದು, ವಿವರವನ್ನು ಎರಡಕ್ಕೂ ಸೇರಿಸಿ ಒಮ್ಮೆ ಕೊಟ್ಟರಾಯಿತು.

ಕೆಲವರು ಇನ್ನೂ ಚುಟುಕು ಮಾಡಲು ಹೋಗಿ, ಈಗಿನ ಹುದ್ದೆಯನ್ನೇ ಹನ್ನೊಂದು ವರ್ಷಕ್ಕೂ ಹಚ್ಚಿಬಿಡುತ್ತಾರೆ. ಇದು ಅಪಾಯ. ಹೊಸ ಕಂಪನಿ ಪರಿಶೀಲನೆಗೆ ಇಳಿದಾಗ ನೇಮಕಾತಿ ಪತ್ರ, ಬಡ್ತಿ ಪತ್ರ, ಸಂಬಳದ ಚೀಟಿ ಕೇಳುತ್ತದೆ. 2014ರ ಚೀಟಿಯಲ್ಲಿ ಚೆಕರ್ ಎಂದಿದ್ದರೆ ನೀವು ಸುಳ್ಳು ಹೇಳಿದಂತೆಯೇ ಲೆಕ್ಕ. ಬಡ್ತಿ ಪತ್ರ ಕೈಗೆ ಬಂದಿರದಿದ್ದರೆ ಆ ತಿಂಗಳ ಚೀಟಿಯನ್ನಾದರೂ ಜೋಪಾನ ಮಾಡಿ.

ಎಲ್ಲವನ್ನೂ ಒಂದೇ ಹೆಸರಿನಡಿ ತರಬಾರದ ಸಂದರ್ಭಗಳೂ ಇವೆ. ಮೊದಲ ವರ್ಷ ಗುತ್ತಿಗೆದಾರರ ಮೂಲಕ ದುಡಿದು ಆಮೇಲೆ ಕಾಯಂ ಆಗಿದ್ದರೆ, ಆ ವರ್ಷದ ಪಿಎಫ್ ದಾಖಲೆಯಲ್ಲಿ ಗುತ್ತಿಗೆದಾರರ ಹೆಸರೇ ಇರುತ್ತದೆ. ಅದನ್ನು ಬೇರೆಯಾಗಿಯೇ ಬರೆದು, ಇಂಥ ಕಾರ್ಖಾನೆಯಲ್ಲಿ ಕೆಲಸ ಎಂದು ಸೂಚಿಸಿ. ಕಂಪನಿ ಬಿಟ್ಟು ಎರಡು ವರ್ಷ ಬೇರೆಡೆ ಇದ್ದು ಮರಳಿದವರೂ ಆ ಅಂತರವನ್ನು ಮುಚ್ಚಬಾರದು. ಆದರೆ ಕಂಪನಿಯ ಹೆಸರಷ್ಟೇ ಬದಲಾಗಿದ್ದರೆ ಈಗಿನ ಹೆಸರು ಬರೆದು ಪಕ್ಕದಲ್ಲಿ ‘ಹಿಂದಿನ ಹೆಸರು’ ಎಂದು ಸೇರಿಸಿದರೆ ಸಾಕು.

ಆನ್‌ಲೈನ್ ಅರ್ಜಿಯಲ್ಲಿ ಒಂದು ಹುದ್ದೆಗೆ ಒಂದೇ ಚೌಕ ಇದ್ದರೆ ಮೂರು ಸಲ ತುಂಬಲೇಬೇಕು, ಬೇರೆ ದಾರಿಯಿಲ್ಲ. ಆಗ ಕಂಪನಿಯ ಹೆಸರನ್ನು ಮೂರು ಕಡೆಯೂ ಒಂದಕ್ಷರ ವ್ಯತ್ಯಾಸವಿಲ್ಲದೆ ಬರೆಯಿರಿ.

ಆ ಹೆಣ್ಣುಮಗಳನ್ನು ಮರುದಿನವೇ ಕರೆಸಿದೆ. ಬಯೋಡೇಟಾ ತಿದ್ದಿಕೊಂಡು ಬನ್ನಿ ಎಂದು ಫೋನಿನಲ್ಲೇ ಹೇಳಿದ್ದೆ. ಹೊಸ ಹಾಳೆ ನೋಡಿದ ಪ್ರೊಡಕ್ಷನ್ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ: “ಕ್ವಾಲಿಟಿಯಲ್ಲಿದ್ದವರು ಪ್ರೊಡಕ್ಷನ್‌ಗೆ ಹೇಗೆ ಬಂದಿರಿ ಅಮ್ಮ?” ಸೂಪರ್‌ವೈಸರ್ ಹೆರಿಗೆ ರಜೆಗೆ ಹೋದಾಗ ಮೂರು ತಿಂಗಳು ಲೈನ್ ನಡೆಸಿದ್ದನ್ನು, ಆಮೇಲೆ ಆ ಕೆಲಸ ತಮಗೇ ಬಂದದ್ದನ್ನು ಆಕೆ ಹೇಳಿದರು. “ಇದನ್ನೇಕೆ ಬರೆದಿಲ್ಲ?” ಎಂದರು ಮ್ಯಾನೇಜರ್. ಆಕೆ ನನ್ನ ಕಡೆ ನೋಡಿದರು. ಅದನ್ನು ಕೇಳಲು ನನಗೂ ಹೊಳೆದಿರಲಿಲ್ಲ.

ನಮಸ್ಕಾರ.