ಬೆಳಗಿನ ಹಿಕ್ಕೆ, ಸಂಜೆಯ ಕಾಳು

ಕೇಳುಗರಿಗೆ ನಮಸ್ಕಾರ. ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಸಾಕುವವರ ಜೊತೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ನಾನೂ ಹಾಗೆ ಸಾಕುವವಳೇ. ತಿಪಟೂರು ಕಡೆ ತೆಂಗಿನ ತೋಟದ ಮನೆ ನಮ್ಮದು.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ನಾನು ಮೊದಲು ನೋಡುವುದು ಮೊಟ್ಟೆಯನ್ನಲ್ಲ, ಹಿಕ್ಕೆಯನ್ನು. ರಾತ್ರಿ ಕೋಳಿಗಳು ಕೂರುವ ಗಳದ ಕೆಳಗೆ ಒಂದು ಹಳೇ ತಗಡು ಹಾಕಿ, ಮೇಲೆ ತೆಳ್ಳಗೆ ಬೂದಿ ಉದುರಿಸಿಟ್ಟಿರುತ್ತೇನೆ. ಯಾವ ಕೋಳಿಯ ಹೊಟ್ಟೆ ಹೇಗಿದೆ ಅನ್ನುವುದೆಲ್ಲ ಆ ಬೂದಿಯ ಮೇಲೆ ಕಾಣುತ್ತದೆ. ಆರೋಗ್ಯದ ಹಿಕ್ಕೆ ಗಟ್ಟಿಯಾಗಿ, ಕಂದು ಬಣ್ಣಕ್ಕಿದ್ದು, ತುದಿಗೆ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿರುತ್ತದೆ. ಮಧ್ಯೆ ಮಧ್ಯೆ ಒಂದೊಂದು ಅಂಟಂಟಾಗಿ, ಕರಗಿದ ಬೆಲ್ಲದ ಹಾಗೆ, ತೀರಾ ನಾರುವಂಥದ್ದೂ ಬೀಳುತ್ತದೆ. ಅದನ್ನು ನೋಡಿ ಬೇಧಿ ಅಂತ ಗಾಬರಿಯಾಗುವವರಿದ್ದಾರೆ. ಅದು ಬೇಧಿಯಲ್ಲ. ಕೋಳಿಯ ಕರುಳಿನ ಕೊನೆಯಲ್ಲಿರುವ ಎರಡು ಕುರುಡು ಚೀಲಗಳು ಆಗಾಗ ಖಾಲಿಯಾಗುತ್ತವೆ, ಅಷ್ಟೇ. ಆದರೆ ಹಸಿರು ನೀರಿನಂಥ ಹಿಕ್ಕೆ ಕಂಡರೆ, ಮರಿಗಳ ಜಾಗದಲ್ಲಿ ರಕ್ತ ಕಂಡರೆ, ಆ ದಿನ ಉಳಿದ ಕೆಲಸ ಬಿಡಬೇಕು.

ಹೀಗೆ ನೋಡಲು ಆಗಬೇಕಾದರೆ ಗೂಡೂ ಹಾಗಿರಬೇಕು. ಹತ್ತು ಕೋಳಿಗೆ ಐದಡಿ ಉದ್ದ, ನಾಲ್ಕಡಿ ಅಗಲದ ಗೂಡು ಸಾಕು. ಹಗಲೆಲ್ಲ ಹೊರಗೆ ಕೆದಕುವ ಕೋಳಿಗೆ ಅದು ರಾತ್ರಿಯ ಮನೆ ಮಾತ್ರ. ನೆಲದಿಂದ ಎರಡಡಿ ಎತ್ತರದಲ್ಲಿ ಕಟ್ಟಿ. ತೇವ ಹತ್ತುವುದಿಲ್ಲ, ಕೆಳಗೆ ಗುಡಿಸಲೂ ಬರುತ್ತದೆ. ಒಳಗೆ ನಾಲ್ಕಡಿಯ ಎರಡು ಗಳಗಳನ್ನು ಒಂದೇ ಎತ್ತರಕ್ಕೆ, ಒಂದೂವರೆ ಅಡಿ ಅಂತರ ಬಿಟ್ಟು ಕಟ್ಟಿ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಮೇಲಿನದಕ್ಕಾಗಿ ದಿನಾ ಸಂಜೆ ಜಗಳ. ಗಾಳಿಗೆ ಮೇಲ್ಭಾಗದಲ್ಲಿ ಅರ್ಧ ಇಂಚು ಕಣ್ಣಿನ ಜಾಲರಿ ಇರಲಿ. ಅದಕ್ಕಿಂತ ದೊಡ್ಡ ಕಣ್ಣಿದ್ದರೆ ಹಾವು, ಇಲಿ ನುಗ್ಗುತ್ತವೆ. ಚಳಿ ಅಂತ ಗೋಣಿಚೀಲ ಹೊದಿಸಿ ಪೂರ್ತಿ ಮುಚ್ಚುವವರಿಗೆ ಒಂದು ಮಾತು: ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಕಣ್ಣು ಉರಿದರೆ, ಆ ಗಾಳಿಯನ್ನೇ ಕೋಳಿ ರಾತ್ರಿಯಿಡೀ ಉಸಿರಾಡಿದೆ. ನೆಗಡಿ, ಗೊರಗೊರ ಶುರುವಾಗುವುದಕ್ಕೆ ಅಷ್ಟು ಸಾಕು.

ಇನ್ನು ಮೇವು. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಸುಮಾರು ನೂರು ಗ್ರಾಂ ಆಹಾರ ಬೇಕು. ಹುಳು, ಹುಲ್ಲು, ಉದುರಿದ ಕಾಳು, ತಿಪ್ಪೆಯ ಗೆದ್ದಲು ಅಂತ ಹೊರಗೆ ಒಂದಷ್ಟು ಸಿಗುತ್ತದೆ. ನಾನು ಒಂದಕ್ಕೆ ನಲವತ್ತು ಗ್ರಾಂನಂತೆ, ಹತ್ತಕ್ಕೆ ನಾನೂರು ಗ್ರಾಂ ಹಾಕುತ್ತೇನೆ. ಬೇಸಿಗೆಯಲ್ಲಿ ಹುಳು ಕಡಿಮೆಯಾದಾಗ ಸ್ವಲ್ಪ ಹೆಚ್ಚು. ರಾಗಿ, ಜೋಳದ ನುಚ್ಚು, ನುಚ್ಚಕ್ಕಿ ಸೇರಿ ಆರು ಕಿಲೋ, ತೌಡು ಎರಡು ಕಿಲೋ, ಕಡಲೆಕಾಯಿ ಹಿಂಡಿ ಎರಡು ಕಿಲೋ, ಜೊತೆಗೆ ಒಂದು ಹಿಡಿ ಖನಿಜ ಮಿಶ್ರಣ. ಇಷ್ಟು ಕಲೆಸಿಟ್ಟರೆ ಹತ್ತು ಕೋಳಿಗೆ ಇಪ್ಪತ್ತೈದು ದಿನ ಬರುತ್ತದೆ. ಹಿಂಡಿಯಲ್ಲಿ ಬೂಷ್ಟು ಕಂಡರೆ ಬಿಸಿಲಿಗೆ ಹಾಕಿ ಬಳಸೋಣ ಅನ್ನಬೇಡಿ. ಬೂಷ್ಟು ಉದುರಿದರೂ ಅದರ ವಿಷ ಹಿಂಡಿಯಲ್ಲೇ ಉಳಿಯುತ್ತದೆ, ಕೋಳಿಯ ಈಲಿ ಹಾಳಾಗುತ್ತದೆ. ಮೊಟ್ಟೆಯ ಚಿಪ್ಪು ತೆಳುವಾದರೆ ಸುಣ್ಣದ ಅಂಶ ಸಾಲದು ಅಂತ ಅರ್ಥ. ಕಪ್ಪೆಚಿಪ್ಪನ್ನೋ, ಹುರಿದ ಮೊಟ್ಟೆ ಚಿಪ್ಪನ್ನೋ ಕುಟ್ಟಿ, ತೆಂಗಿನ ಚಿಪ್ಪಿನಲ್ಲಿ ಬೇರೆಯಾಗಿ ಇಡಿ. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟು ತಾನೇ ತಿನ್ನುತ್ತದೆ.

ಈ ಕಾಳನ್ನು ನಾನು ಸಂಜೆಯೇ, ಗೂಡಿನ ಎದುರೇ ಹಾಕುತ್ತೇನೆ. ಕೋಳಿಗಳು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತವೆ, ಎಣಿಸಲೂ ಬರುತ್ತದೆ. ಕಾಳಿಗೆ ಓಡಿ ಬಾರದ ಕೋಳಿ ಯಾವುದು ಅಂತಲೂ ಆಗಲೇ ಗೊತ್ತಾಗುವುದು. ಅನುಮಾನ ಬಂದರೆ ಕತ್ತಲಾದ ಮೇಲೆ ಅದರ ಕುತ್ತಿಗೆಯ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ಸಂಜೆ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಸಂಜೆಯೇ ಖಾಲಿಯಿದ್ದರೆ ಅದು ತಿಂದಿಲ್ಲ. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಒಳಗೆ ಏನೋ ಕಟ್ಟಿಕೊಂಡಿದೆ.

ಇದನ್ನೆಲ್ಲ ನಾನು ಕಲಿತದ್ದು ಕಳೆದುಕೊಂಡ ಮೇಲೆ. ಒಂದು ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಸಂತೆಯಿಂದ ಒಂದು ಚೆಂದದ ಹೇಂಟೆ ತಂದು, ಅದೇ ಸಂಜೆ ನಮ್ಮ ಹತ್ತರ ಜೊತೆ ಗೂಡಿಗೆ ಬಿಟ್ಟೆ. ಆರನೇ ದಿನ ನಮ್ಮದೊಂದು ಕೋಳಿ ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ನಿಂತಿತ್ತು. ತಗಡಿನ ಮೇಲೆ ಹಸಿರು ನೀರು. ಮಾರನೇ ದಿನ ಮೂರು ಕೋಳಿ ಕೊಕ್ಕು ತೆರೆದು, ಕತ್ತು ಚಾಚಿ ಉಸಿರೆಳೆಯುತ್ತಿದ್ದವು. ಒಂಬತ್ತನೇ ದಿನಕ್ಕೆ ಒಂದರ ಕತ್ತು ಹಿಂದಕ್ಕೆ ತಿರುಚಿಕೊಂಡಿತು. ಅದು ಕೊಕ್ಕರೆ ರೋಗ, ರಾಣಿಕೇತ್ ಅಂತಲೂ ಕರೆಯುತ್ತಾರೆ. ಹನ್ನೊಂದರಲ್ಲಿ ಎಂಟು ಸತ್ತವು. ಸಂತೆಯಿಂದ ಬಂದ ಹೇಂಟೆಗೆ ಏನೂ ಆಗಲಿಲ್ಲ. ಹಿಂದೆ ಲಸಿಕೆ ಬಿದ್ದ ಕೋಳಿ ತಾನು ಚೆನ್ನಾಗಿದ್ದೂ ರೋಗಾಣುವನ್ನು ಹೊರಗೆ ಚೆಲ್ಲಬಲ್ಲದು ಅಂತ ಪಶುವೈದ್ಯರು ಆಮೇಲೆ ಹೇಳಿದರು. ಅದಕ್ಕೇ ಹೊಸ ಕೋಳಿ ಚೆನ್ನಾಗಿ ಕಂಡರೂ ಮೂರು ವಾರ ಬೇರೆ ಕಡೆ, ಬೇರೆ ನೀರಿನ ಬಟ್ಟಲಿಟ್ಟು ಸಾಕಬೇಕು. ಅದರ ಕೆಲಸ ದಿನದ ಕೊನೆಗೆ ಮಾಡಿ ಕೈಕಾಲು ತೊಳೆಯಬೇಕು.

ಆಗ ಇನ್ನೆರಡು ತಪ್ಪು ಮಾಡಿದೆ. ಅಂಗಡಿಯಿಂದ ಮಾತ್ರೆ ತಂದು ನೀರಿಗೆ ಹಾಕಿದೆ. ಇದು ವೈರಸ್ಸಿನಿಂದ ಬರುವ ರೋಗ, ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. ಸತ್ತ ಕೋಳಿಗಳನ್ನು ತಿಪ್ಪೆಗೆ ಎಸೆದೆ. ನಾಯಿ ಎಳೆದುಕೊಂಡು ಹೋಯಿತು, ವಾರದೊಳಗೆ ಪಕ್ಕದ ಮನೆಯ ಕೋಳಿಗಳೂ ಹೋದವು. ಅವರ ಮುಖ ನೋಡುವುದಕ್ಕೆ ನನಗೆ ಬಹಳ ದಿನ ಆಗಲಿಲ್ಲ. ಮೂರಡಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕಿತ್ತು. ಒಟ್ಟಿಗೆ ಹಲವು ಕೋಳಿ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು. ಹಕ್ಕಿಜ್ವರದಲ್ಲೂ ಹೀಗೇ ಸಾಯುತ್ತವೆ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಜುಟ್ಟಿನ ಮೇಲೆ ಕಪ್ಪು ಗಂಟು ಎದ್ದರೆ ಅದು ಸಿಡುಬು, ಸೊಳ್ಳೆಯಿಂದ ಹರಡುತ್ತದೆ. ದೊಡ್ಡ ಕೋಳಿಗಳು ಹೆಚ್ಚಾಗಿ ಉಳಿಯುತ್ತವೆ. ಮರಿಗಳ ರಕ್ತಭೇದಿ ಒದ್ದೆ ಹಾಸಿನಿಂದ ಬರುವುದು. ಹೊಟ್ಟು ಬದಲಿಸಿ, ವೈದ್ಯರು ಕೊಟ್ಟ ಔಷಧಿಯನ್ನು ಅದೇ ದಿನ ಶುರುಮಾಡಿದರೆ ಉಳಿಯುತ್ತವೆ.

ಕೊಕ್ಕರೆ ರೋಗಕ್ಕೆ ಮಾತ್ರ ಲಸಿಕೆಯೊಂದೇ ದಾರಿ. ಮರಿಗೆ ಏಳನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರ ಇನ್ನೊಮ್ಮೆ ಹನಿ, ಎಂಟನೇ ವಾರ ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಮಿಲಿ ಚುಚ್ಚುಮದ್ದು. ಆಮೇಲೆ ಆರು ತಿಂಗಳಿಗೊಮ್ಮೆ. ಚುಚ್ಚುಮದ್ದಿನ ಲಸಿಕೆ ಜೋರಿನದು, ಎಳೇ ಮರಿಗೆ ಹಾಕಿದರೆ ಅದರಿಂದಲೇ ಕಾಯಿಲೆ ಬೀಳುತ್ತದೆ. ತೊಡಕು ಏನೆಂದರೆ, ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಇರುತ್ತದೆ. ಕಲೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಯವರಿಗೆ ಯಾರು ಸೀಸೆ ಒಡೆಯುತ್ತಾರೆ? ಅದಕ್ಕೆ ನಮ್ಮ ಬೀದಿಯ ಹತ್ತು ಮನೆಯವರು ಸೇರಿ ಸಂಕ್ರಾಂತಿ ಕಳೆದ ವಾರವೇ ಒಂದು ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಬೇಸಿಗೆಯ ರೋಗ ಶುರುವಾಗುವ ಮೊದಲೇ ಆಗಬೇಕಲ್ಲ. ಹಿಂದಿನ ಸಂಜೆ ಎಲ್ಲರೂ ಕೋಳಿಗಳನ್ನು ಗೂಡಿಗೆ ಸೇರಿಸಿ ಬಾಗಿಲು ಹಾಕಿಡುತ್ತೇವೆ. ಬೆಳಿಗ್ಗೆ ಒಬ್ಬರು ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಆಸ್ಪತ್ರೆಗೆ ಹೋಗುತ್ತಾರೆ, ಉಳಿದವರು ಗೂಡಿನ ಬಾಗಿಲು ತೆಗೆಯದೆ ಕಾಯುತ್ತೇವೆ. ಪಕ್ಕದ ಮನೆಯವರೂ ನಮ್ಮ ಜೊತೆಗಿದ್ದಾರೆ.

ನಮಸ್ಕಾರ.