ಮತ್ತೆ ಯಾಕೆ ರಕ್ತ ಪರೀಕ್ಷೆ?

ಕೇಳುಗರಿಗೆ ನಮಸ್ಕಾರ. "ಹೋದ ತಿಂಗಳು ತಾನೇ ರಕ್ತ ಕೊಟ್ಟೆ ಡಾಕ್ಟ್ರೇ, ಮತ್ತೆ ಯಾಕೆ?" ಥೈರಾಯ್ಡ್ ಕಡಿಮೆ ಇರುವ ಗರ್ಭಿಣಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು.

ಒಬ್ಬ ತಾಯಿಯ ಉದಾಹರಣೆ ಹೇಳುತ್ತೇನೆ. ಬಸಿರಾಗುವ ಮೊದಲು ಆಕೆ ದಿನಕ್ಕೆ 50 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ತಗೊಳ್ಳುತ್ತಿದ್ದರು. ಈ ಹಾರ್ಮೋನ್ ಕಡಿಮೆಯಾದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ 2 ಇತ್ತು, ಸರಿಯಾಗೇ ಇತ್ತು. ಎಂಟನೇ ವಾರದಲ್ಲಿ ನೋಡಿದರೆ 5.8. "ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ" ಎನ್ನುವಾಗ ಅವರ ಕಣ್ಣು ತುಂಬಿತ್ತು.

ಅವರು ತಪ್ಪಿಸಿರಲಿಲ್ಲ. ದೇಹದ ಬೇಡಿಕೆಯೇ ಏರಿತ್ತು. ಹಾರ್ಮೋನ್ ಸಾಲದಾದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ "ಇನ್ನಷ್ಟು ಕೊಡು" ಎಂದು ಥೈರಾಯ್ಡನ್ನು ಒತ್ತಾಯಿಸುತ್ತದೆ. ಆ ಒತ್ತಾಯವೇ ಟಿಎಸ್‌ಎಚ್. ಮೊದಲ ಮೂರು ತಿಂಗಳು ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನ್ ಬರುವುದು ತಾಯಿಯಿಂದಲೇ. ಮಗುವಿನ ಮಿದುಳು ಬೆಳೆಯಲು ಅದು ಬೇಕು. ಆರೋಗ್ಯವಾಗಿರುವ ಗ್ರಂಥಿ ತಾನಾಗೇ ಹೆಚ್ಚು ತಯಾರಿಸುತ್ತದೆ. ಸೋತ ಗ್ರಂಥಿಗೆ ಅದು ಆಗದು, ಮಾತ್ರೆಯೇ ಹೆಚ್ಚಬೇಕು. ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚು ಬೇಕಾಗುತ್ತದೆ.

ಆಕೆಗೆ 75 ಮಾಡಿದೆವು. ಈ ಮಾತ್ರೆಯ ಕೆಲಸ ನಿಧಾನ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಹೊಸ ಡೋಸ್‌ನ ಫಲ ಮರುವಾರವೇ ಕಾಣುವುದಿಲ್ಲ, ನಾಲ್ಕು ವಾರ ಕಾಯಬೇಕು. ಅದಕ್ಕಿಂತ ತಡ ಮಾಡಿದರೆ ಮಗುವಿನ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಅದಕ್ಕೇ ಅರ್ಧ ಗರ್ಭಾವಧಿವರೆಗೂ ನಾಲ್ಕು ವಾರಕ್ಕೊಮ್ಮೆ, ಆಮೇಲೆ 30ನೇ ವಾರದ ಹೊತ್ತಿಗೆ ಒಮ್ಮೆಯಾದರೂ ಪರೀಕ್ಷೆ. ಟಿಎಸ್‌ಎಚ್ 2.5ಕ್ಕಿಂತ ಕೆಳಗಿರಲಿ ಎಂದು ನೋಡುತ್ತೇವೆ.

ನಾಲ್ಕು ವಾರದ ಮೇಲೆ ಆಕೆಯದು 2.1ಕ್ಕೆ ಇಳಿಯಿತು. ಅದರ ಮುಂದಿನ ತಿಂಗಳು ಮತ್ತೆ 4! ಆಗ ಡೋಸ್ ಏರಿಸುವ ಮೊದಲು, "ಬೆಳಿಗ್ಗೆ ಏನೇನು ತಗೊಳ್ತೀರಮ್ಮ?" ಎಂದು ಕೇಳಿದೆ. ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅದೇ ಲೋಟದ ನೀರಲ್ಲಿ ಹೊಸದಾಗಿ ಕೊಟ್ಟ ಕಬ್ಬಿಣಾಂಶದ ಮಾತ್ರೆ, ಹಿಂದೆಯೇ ಬಿಸಿ ಕಾಫಿ. ಕಬ್ಬಿಣಾಂಶ ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಬಿಡುತ್ತದೆ. ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ಇವೆರಡಕ್ಕೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆ ಅಂತರ ಬೇಕು. ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಆಕೆ ಕಬ್ಬಿಣಾಂಶದ ಮಾತ್ರೆಯನ್ನು ಮಧ್ಯಾಹ್ನಕ್ಕೆ ಹಾಕಿಕೊಂಡರು. ಡೋಸ್ ಬದಲಿಸದೆಯೇ ಮುಂದಿನ ರಿಪೋರ್ಟ್ ಸರಿಹೋಯಿತು.

ಮೊದಲೇ ಮಾತ್ರೆಯಲ್ಲಿರುವವರು ಮುಟ್ಟು ನಿಂತ ಕೂಡಲೇ ಡಾಕ್ಟರಿಗೆ ತಿಳಿಸಿ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎಂದು ಅವರು ಅಂದೇ ಹೇಳಬಹುದು. ವಾಂತಿ ಜಾಸ್ತಿಯಿದ್ದು ಮಾತ್ರೆ ಹೊರಬಿದ್ದರೆ ಅದನ್ನೂ ಹೇಳಿ, ರಾತ್ರಿ ಖಾಲಿ ಹೊಟ್ಟೆಯಲ್ಲಿ ತಗೊಳ್ಳುವ ದಾರಿಯೂ ಇದೆ.

ಹೆರಿಗೆಯಾದ ಮೇಲೆ ಆಕೆಗೆ ಮತ್ತೆ 50. ಬಾಣಂತನದ ಆರನೇ ವಾರದಲ್ಲಿ ಮಗುವಿಗೆ ಲಸಿಕೆ ಹಾಕಿಸಲು ಬಂದ ದಿನವೇ ಇನ್ನೊಂದು ಸಲ ರಕ್ತ ಕೊಟ್ಟು ಹೋದರು. ಈ ಸಲ ಯಾಕೆ ಎಂದು ಅವರು ಕೇಳಲಿಲ್ಲ.