ಎಣ್ಣೆ ಹೊತ್ತಿಕೊಂಡಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಅಗ್ನಿಶಾಮಕ ದಳದಲ್ಲಿ ಇದ್ದವನು. ಇವತ್ತು ನಾನು ಕಂಡ ಒಂದು ಅಡುಗೆಮನೆಯ ಕಥೆ ಹೇಳುತ್ತೇನೆ. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಮನೆಯವರೆಲ್ಲ ಹೊರಗೆ ನಿಂತಿದ್ದರು. ಯಾರಿಗೂ ಗಾಯ ಆಗಿರಲಿಲ್ಲ. ಒಳಗೆ ಒಲೆಯ ಮೇಲೆ ಬಾಣಲೆ ಹಾಗೇ ಇತ್ತು, ಅದರ ಮೇಲೆ ಸ್ಟೀಲಿನ ಮುಚ್ಚಳ ಮುಚ್ಚಿತ್ತು. ಮೇಲಿನ ಚಿಮಣಿ ಮಾತ್ರ ಕಪ್ಪಗೆ ಸುಟ್ಟಿತ್ತು. ಆ ಮನೆಯ ತಾಯಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಅವರು ಎಷ್ಟೋ ಕೆಲಸ ಸರಿಯಾಗಿ ಮಾಡಿದ್ದರು. ಒಂದೇ ಒಂದು ಕಡೆ ಎಡವಿದ್ದರು. ಆ ಒಂದು ತಪ್ಪನ್ನು ತುಂಬಾ ಜನ ಮಾಡುತ್ತಾರೆ, ಹಾಗಾಗಿ ಈ ಕಥೆ.

ಕರಿಯಲು ಅಂತ ಅವರು ಬಾಣಲೆಯಲ್ಲಿ ಸುಮಾರು ಒಂದು ಲೀಟರ್ ಎಣ್ಣೆ ಇಟ್ಟಿದ್ದರು. ಉರಿ ದೊಡ್ಡದಿತ್ತು. ಅಷ್ಟರಲ್ಲಿ ಫೋನ್ ಬಂತು. ಪಕ್ಕದ ಕೋಣೆಗೆ ಹೋದರು, ಮಾತು ಬೆಳೆಯಿತು.

ಎಣ್ಣೆ ಹೊತ್ತಿಕೊಳ್ಳುವ ಮೊದಲು ಸುಳಿವು ಕೊಟ್ಟೇ ಕೊಡುತ್ತದೆ. 200 ಡಿಗ್ರಿ ದಾಟಿದ ಮೇಲೆ ಹೆಚ್ಚಿನ ಅಡುಗೆ ಎಣ್ಣೆಗಳು ಹೊಗೆಯಾಡಲು ಶುರು ಮಾಡುತ್ತವೆ. ಮೊದಲು ಎಳೆ ಎಳೆಯಾಗಿ ತೆಳು ಹೊಗೆ. ಆಮೇಲೆ ಅದು ದಟ್ಟವಾಗುತ್ತದೆ, ಕಣ್ಣು ಉರಿಯುತ್ತದೆ, ಗಂಟಲಿಗೆ ಘಾಟು ಹಿಡಿಯುತ್ತದೆ. 300 ಡಿಗ್ರಿಯ ಆಸುಪಾಸಿನಲ್ಲಿ ಎಣ್ಣೆಯಿಂದ ಏಳುವ ಆವಿಗೆ ಬರ್ನರಿನ ಜ್ವಾಲೆ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಇನ್ನೂ ಕಾದು 350, 400 ಡಿಗ್ರಿಯ ಹತ್ತಿರ ಹೋದರೆ ಯಾವ ಜ್ವಾಲೆಯೂ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಜ್ವಾಲೆ ಕಾಣದ ವಿದ್ಯುತ್ ಒಲೆಯ ಮೇಲೂ ಎಣ್ಣೆ ಹೊತ್ತಿಕೊಳ್ಳಬಹುದು. ಮತ್ತೆ ಮತ್ತೆ ಕರಿದ ಹಳೆ ಎಣ್ಣೆಯಾದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಬರೀ ಹೊಗೆ ಇದ್ದಾಗ ನೋಡಿದಿರೋ, ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಹಾಕಿ, ಅದನ್ನು ಅಲುಗಾಡಿಸದೆ ಬಿಡಿ. ಅಷ್ಟೇ ಸಾಕು.

ಆ ತಾಯಿ ವಾಪಸ್ ಬಂದಾಗ ಆ ಹಂತ ದಾಟಿತ್ತು. ಬಾಣಲೆಯ ತುಂಬ ಜ್ವಾಲೆ. ಅವರು ಮಾಡಿದ ಮೊದಲ ಕೆಲಸ, ಗ್ಯಾಸ್ ಆಫ್ ಮಾಡಿದ್ದು. ನಾಬ್ ಒಲೆಯ ಮುಂದೆ ಇತ್ತು, ಜ್ವಾಲೆಯ ಮೇಲೆ ಕೈ ಚಾಚಬೇಕಾಗಿರಲಿಲ್ಲ. ಹಾಗೆ ಸುರಕ್ಷಿತವಾಗಿ ಕೈಗೆ ಸಿಕ್ಕರೆ ಮಾತ್ರ ನಾಬ್ ಮುಟ್ಟಿ. ಸಿಗದಿದ್ದರೆ ಮೊದಲು ಮುಚ್ಚಳ, ಆಮೇಲೆ ನಾಬ್ ಅಥವಾ ಸಿಲಿಂಡರಿನ ರೆಗ್ಯುಲೇಟರ್.

ಇನ್ನು ಮುಚ್ಚಳ ಮುಚ್ಚುವ ರೀತಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನಸ್ಸಿನಲ್ಲೇ ಒಮ್ಮೆ ಮಾಡಿ ನೋಡಿ. ಮುಚ್ಚಳವನ್ನು ಮೇಲಿನಿಂದ ಧೊಪ್ಪನೆ ಹಾಕಬಾರದು. ಹಾಗೆ ಮಾಡಲು ಹೋದರೆ ನಿಮ್ಮ ಕೈ ನೇರ ಜ್ವಾಲೆಯೊಳಗೆ ಹೋಗುತ್ತದೆ, ಎಣ್ಣೆ ಸಿಡಿಯಲೂಬಹುದು. ಮುಚ್ಚಳವನ್ನು ಗುರಾಣಿಯ ಹಾಗೆ ನಿಮಗೂ ಜ್ವಾಲೆಗೂ ನಡುವೆ ಓರೆಯಾಗಿ ಹಿಡಿಯಿರಿ. ನಿಮ್ಮ ಕಡೆ ಇರುವ ಬಾಣಲೆಯ ಅಂಚಿಗೆ ಅದನ್ನು ತಾಗಿಸಿ. ಅಲ್ಲಿಂದ ಆಚೆ ಕಡೆಗೆ ಜಾರಿಸುತ್ತಾ ಮುಚ್ಚಿ. ಜ್ವಾಲೆ ನಿಮ್ಮಿಂದ ದೂರಕ್ಕೆ ಬಾಗುತ್ತದೆ, ಗಾಳಿ ಸಿಗದೆ ಕೆಲವೇ ಕ್ಷಣದಲ್ಲಿ ಅಡಗುತ್ತದೆ. ಮುಚ್ಚಳ ಲೋಹದ್ದಾಗಿರಬೇಕು, ಬಾಣಲೆಗಿಂತ ಸ್ವಲ್ಪ ದೊಡ್ಡದಿರಬೇಕು. ಗಾಜಿನ ಮುಚ್ಚಳ ಆ ಬಿಸಿಗೆ ಒಡೆದುಹೋಗಬಹುದು. ಮುಚ್ಚಳವೇ ಇಲ್ಲ ಅಂದರೆ ಅಗಲವಾದ ಸ್ಟೀಲಿನ ತಟ್ಟೆಯೂ ನಡೆಯುತ್ತದೆ.

ಅವರು ಹೀಗೇ ಮಾಡಿದರು. ಬೆಂಕಿ ಕಾಣದಾಯಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಆದರೆ ನಾಲ್ಕೈದು ನಿಮಿಷ ಆದ ಮೇಲೆ, ಆರಿತೋ ಇಲ್ವೋ ನೋಡೋಣ ಅಂತ ಮುಚ್ಚಳ ಎತ್ತಿದರು. ಎಣ್ಣೆ ಭಗ್ಗನೆ ಮತ್ತೆ ಹೊತ್ತಿಕೊಂಡಿತು.

ಅವರನ್ನು ನಾನು ದೂರುವುದಿಲ್ಲ. ಯಾರಿಗಾದರೂ ನೋಡಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಒಳಗೆ ಏನಾಗಿತ್ತು ಅಂತ ಯೋಚಿಸಿ. ಮುಚ್ಚಳ ಎಣ್ಣೆಯನ್ನು ತಣ್ಣಗೆ ಮಾಡಿರಲಿಲ್ಲ, ಅದಕ್ಕೆ ಗಾಳಿ ಸಿಗದಂತೆ ತಡೆದಿತ್ತು ಅಷ್ಟೇ. ಎಣ್ಣೆ ಇನ್ನೂ ತಾನೇ ಹೊತ್ತಿಕೊಳ್ಳುವಷ್ಟು ಬಿಸಿಯಾಗಿತ್ತು. ಗಾಳಿ ಸಿಕ್ಕ ಕೂಡಲೇ ನಿಂತ ಕೆಲಸ ಮುಂದುವರಿಸಿತು. ಎಣ್ಣೆ ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಅದರಲ್ಲೂ ದಪ್ಪ ತಳದ ಬಾಣಲೆ, ಮೇಲೆ ಮುಚ್ಚಳ ಬೇರೆ. ಇಣುಕಿ ನೋಡುವ ಕೆಲಸ ಬೇಡವೇ ಬೇಡ. ಗಂಟೆಗಟ್ಟಲೆ ಹಾಗೇ ಬಿಟ್ಟರೂ ನಷ್ಟ ಏನಿಲ್ಲ. ಬಾಣಲೆಯ ಹೊರಮೈ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಬೇಕು. ವಿದ್ಯುತ್ ಒಲೆಯಾದರೆ ಸ್ವಿಚ್ ಆರಿಸಿದ ಮೇಲೂ ಅದರ ತಟ್ಟೆ ಬಿಸಿಯಾಗಿಯೇ ಇರುತ್ತದೆ, ಇನ್ನೂ ಜಾಸ್ತಿ ಹೊತ್ತು ಬಿಡಿ.

ಎರಡನೇ ಸಲ ಜ್ವಾಲೆ ಎದ್ದಾಗ ಅವರ ಮಗ ಓಡಿಬಂದ. ಕೈಯಲ್ಲಿ ಒಂದು ಜಗ್ ನೀರು. “ಬೇಡ ಕಣೋ, ನೀರು ಹಾಕಬೇಡ!” ಅಂತ ಅವರು ಕೂಗಿಕೊಂಡರಂತೆ. ಹುಡುಗ ಅಲ್ಲೇ ನಿಂತ. ಆ ಮನೆಯಲ್ಲಿ ಯಾರಿಗೂ ಸುಟ್ಟ ಗಾಯ ಆಗದೆ ಇದ್ದದ್ದು ಆ ಒಂದು ಕೂಗಿನಿಂದ ಅಂತ ನಾನು ನಂಬುತ್ತೇನೆ.

ನೀರು ಎಣ್ಣೆಗಿಂತ ಭಾರ. ಸುರಿದ ತಕ್ಷಣ ಎಣ್ಣೆಯ ಕೆಳಗೆ ಇಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ, ಅಲ್ಲಿರುವ ಎಣ್ಣೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಕಾದಿದೆ. ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಹಬೆಯಾಗುತ್ತದೆ. ಒಂದು ಲೋಟ ನೀರು ಹಬೆಯಾದರೆ ಸುಮಾರು 1,700 ಲೋಟದಷ್ಟು ಜಾಗ ಬೇಡುತ್ತದೆ. ಆ ಹಬೆ ತನ್ನ ಮೇಲಿರುವ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಮೇಲಕ್ಕೆ ಎಸೆಯುತ್ತದೆ. ಪ್ರತಿ ಹನಿಗೂ ಸುತ್ತ ಗಾಳಿ ಸಿಗುತ್ತದೆ. ಬಾಣಲೆಯಷ್ಟಿದ್ದ ಬೆಂಕಿ ಒಂದೇ ಉಸಿರಿಗೆ ಸೂರಿನವರೆಗೆ ಉಂಡೆಯಾಗಿ ಏಳುತ್ತದೆ. ಇದಕ್ಕೆ ಬಕೆಟ್ ನೀರು ಬೇಕಿಲ್ಲ, ಅರ್ಧ ಲೋಟ ಸಾಕು. ನೀರು ತೊಟ್ಟಿಕ್ಕುವ ಒದ್ದೆ ಬಟ್ಟೆಯನ್ನು ಎಸೆದರೂ ಇದೇ ಅಪಾಯ.

ಇನ್ನೊಂದು ತಪ್ಪು, ಉರಿಯುವ ಬಾಣಲೆಯನ್ನು ಎತ್ತಿಕೊಂಡು ಸಿಂಕಿಗೋ ಹೊರಗೋ ಓಡುವುದು. ನೀವು ಮುಂದೆ ನಡೆದಂತೆ ಗಾಳಿಗೆ ಜ್ವಾಲೆ ನಿಮ್ಮ ಮುಖದ ಕಡೆಗೇ ವಾಲುತ್ತದೆ. ಹಿಡಿ ಕೈ ಸುಡುತ್ತದೆ, ಎಣ್ಣೆ ತುಳುಕುತ್ತದೆ, ಕಾಲ ಮೇಲೆ ಬೀಳುತ್ತದೆ. ಬೆಂಕಿ ಇರುವ ಬಾಣಲೆ ಇದ್ದಲ್ಲೇ ಇರಲಿ.

ಹಿಟ್ಟು ಸುರಿಯಬೇಡಿ. ಗಾಳಿಯಲ್ಲಿ ಹರಡಿದ ಹಿಟ್ಟಿನ ಪುಡಿ ತಾನೇ ಸ್ಫೋಟದಂತೆ ಉರಿಯುತ್ತದೆ. ಸಕ್ಕರೆಯೂ ಬೇಡ, ಬೇಕಿಂಗ್ ಪೌಡರೂ ಬೇಡ. ಅಡುಗೆ ಸೋಡಾ ಬಗ್ಗೆ ಕೇಳಿರುತ್ತೀರಿ. ಅದು ನಿಜವೇ, ಬಿಸಿಗೆ ಅದು ಬಿಡುವ ಅನಿಲ ಬೆಂಕಿಯನ್ನು ತಡೆಯುತ್ತದೆ. ಆದರೆ ತವೆಯ ಮೇಲೆ ಚಮಚದಷ್ಟು ಎಣ್ಣೆ ಹೊತ್ತಿಕೊಂಡಾಗ ಧಾರಾಳವಾಗಿ ಸುರಿದರೆ ಮಾತ್ರ ಕೆಲಸ ಮಾಡುತ್ತದೆ. ಒಂದು ಲೀಟರ್ ಎಣ್ಣೆಗೆ ಅದು ಸಾಲದು.

ಮನೆಯಲ್ಲಿ ಅಗ್ನಿಶಾಮಕ ಸಿಲಿಂಡರ್ ಇದ್ದರೆ ಅದರ ಮೇಲೆ ಏನು ಬರೆದಿದೆ ಅಂತ ಇವತ್ತೇ ಓದಿ. ಅಡುಗೆ ಎಣ್ಣೆಯ ಬೆಂಕಿಗೆ ಅಂತಲೇ ಮಾಡಿದ್ದನ್ನು ಕೆಲವು ದೇಶಗಳಲ್ಲಿ ಎಫ್ ವರ್ಗ ಅಂತಲೂ ಕೆಲವು ಕಡೆ ಕೆ ವರ್ಗ ಅಂತಲೂ ಕರೆಯುತ್ತಾರೆ. ಅದರ ದ್ರಾವಣ ಬಿಸಿ ಎಣ್ಣೆಯ ಜೊತೆ ಸೇರಿ ಮೇಲೆ ಸೋಪಿನಂಥ ಪದರ ಕಟ್ಟುತ್ತದೆ, ಎಣ್ಣೆಯನ್ನು ತಣಿಸುತ್ತದೆ ಕೂಡ. ಸಾಮಾನ್ಯ ಪುಡಿಯ ಸಿಲಿಂಡರ್ ಜ್ವಾಲೆ ಅಡಗಿಸಬಹುದು, ಆದರೆ ಎಣ್ಣೆಯನ್ನು ತಣಿಸುವುದಿಲ್ಲ, ಹಾಗಾಗಿ ಮತ್ತೆ ಹೊತ್ತಿಕೊಳ್ಳಬಹುದು. ಹತ್ತಿರದಿಂದ ಹೊಡೆದರೆ ಆ ರಭಸಕ್ಕೆ ಎಣ್ಣೆಯೇ ಚೆಲ್ಲುತ್ತದೆ.

ಈಗ ಚಿಮಣಿಗೆ ಬರೋಣ. ಇಷ್ಟೆಲ್ಲ ನಡೆಯುವಾಗ ಆ ಮನೆಯ ಚಿಮಣಿಯ ಫ್ಯಾನ್ ಓಡುತ್ತಲೇ ಇತ್ತು. ಹೊಗೆ ಹೋಗಲಿ ಅಂತ ಬಿಟ್ಟಿದ್ದರು. ಹೊಗೆಯ ಜೊತೆ ಅದು ಜ್ವಾಲೆಯನ್ನೂ ಮೇಲಕ್ಕೆ ಎಳೆಯಿತು. ಅವರ ಫಿಲ್ಟರನ್ನು ನಾನು ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ಸುಡದೆ ಉಳಿದ ಮೂಲೆಯಲ್ಲಿ ಜಾಲರಿಯ ಕಣ್ಣುಗಳೇ ಕಾಣುತ್ತಿರಲಿಲ್ಲ. ಜೇನಿನ ಬಣ್ಣದ ಜಿಡ್ಡು ದಪ್ಪ ಹನಿಗಳಾಗಿ ಅಂಚಿನಲ್ಲಿ ನೇತಾಡುತ್ತಿತ್ತು. ಬೆಂಕಿಗೆ ಅದೂ ಎಣ್ಣೆಯೇ.

ಒಲೆಯಲ್ಲಿ ಜ್ವಾಲೆ ಎದ್ದರೆ ಚಿಮಣಿಯ ಫ್ಯಾನ್ ನಿಲ್ಲಿಸಿ. ಅದರ ಗುಂಡಿ ಜ್ವಾಲೆಯ ಮೇಲೇ ಇದ್ದರೆ ಅಲ್ಲಿಗೆ ಕೈ ಚಾಚಬೇಡಿ, ಗೋಡೆಯ ಸ್ವಿಚ್ಚನ್ನೋ ಮೇನ್ ಸ್ವಿಚ್ಚನ್ನೋ ಆರಿಸಿ. ಫಿಲ್ಟರ್ ಉರಿಯುತ್ತಿದ್ದರೆ ಅದನ್ನು ಬಿಚ್ಚಲು ಹೋಗಬೇಡಿ, ಕೆಳಗಿನಿಂದ ನೀರು ಎರಚಬೇಡಿ. ಉರಿಯುವ ಜಿಡ್ಡು ನಿಮ್ಮ ಮೇಲೆಯೇ ಸುರಿಯುತ್ತದೆ.

ಬೆಂಕಿ ಪೈಪಿನೊಳಗೆ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಾಣಲೆಯ ಜ್ವಾಲೆ ಅಡಗಿದರೂ ಮೇಲೆ ಗುಂಯ್ ಅಂತ ಗಾಳಿ ಎಳೆಯುವ ಶಬ್ದ ನಿಲ್ಲುವುದಿಲ್ಲ. ಪೈಪಿನ ಸಂದುಗಳಿಂದ, ಹೊರಗಿನ ಬಾಯಿಂದ ಹೊಗೆ ಬರುತ್ತಲೇ ಇರುತ್ತದೆ. ಪೈಪು ಹಾದುಹೋಗುವ ಗೋಡೆ ಬಿಸಿಯಾಗುತ್ತದೆ, ಬಣ್ಣ ಉಬ್ಬುತ್ತದೆ. ಇದರಲ್ಲಿ ಒಂದು ಕಂಡರೂ ಅದು ಮನೆಯವರು ಆರಿಸುವ ಬೆಂಕಿ ಅಲ್ಲ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ಅಡುಗೆಮನೆಯ ಬಾಗಿಲು ಎಳೆದುಕೊಳ್ಳಿ, ಹೊರಗಿನಿಂದ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಎಣ್ಣೆಯ ಬೆಂಕಿ, ಚಿಮಣಿಯ ಪೈಪಿಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ. ಬರುವವರಿಗೆ ಅದರಿಂದ ತುಂಬಾ ಅನುಕೂಲ. ಬಾಣಲೆಯ ಬೆಂಕಿಯೇ ಮುಚ್ಚಳಕ್ಕೆ ಬಗ್ಗದೆ ಹರಡುತ್ತಿದ್ದರೂ ಹೀಗೇ ಮಾಡಿ. ಎರಡನೇ ಪ್ರಯತ್ನಕ್ಕೆ ಅಂತ ಒಳಗೆ ನಿಲ್ಲಬೇಡಿ.

ಆ ತಾಯಿ ಮುಚ್ಚಳವನ್ನು ಮತ್ತೆ ಜಾರಿಸಿ ಮುಚ್ಚಿದರು, ಗೋಡೆಯ ಸ್ವಿಚ್ ಆರಿಸಿದರು, ಮಗನ ಕೈ ಹಿಡಿದು ಹೊರಗೆ ಬಂದು ಫೋನ್ ಮಾಡಿದರು. ನಾವು ಹೋದಾಗ ಜ್ವಾಲೆ ಎಲ್ಲೂ ಕಾಣಲಿಲ್ಲ. ಆದರೂ ಪೈಪಿನ ಹತ್ತಿರದ ಗೋಡೆಗೆ ಅಂಗೈಯ ಹಿಂಭಾಗ ತಂದರೆ ಬಿಸಿ ತಾಗುತ್ತಿತ್ತು. ಪೈಪು ಬಿಚ್ಚಿ ನೋಡಿದರೆ ಮೊದಲ ತಿರುವಿನಲ್ಲಿ ಕಟ್ಟಿಕೊಂಡಿದ್ದ ಜಿಡ್ಡು ಇನ್ನೂ ಕೆಂಪಗೆ ಕನಲುತ್ತಿತ್ತು. ಚಿಮಣಿಗೆ ಬೆಂಕಿ ತಾಗಿ ತಾನಾಗಿ ಆರಿದಂತೆ ಕಂಡರೂ ನಮ್ಮವರನ್ನು ಕರೆಸಿ ಪರೀಕ್ಷೆ ಮಾಡಿಸಿ. ಸುಮ್ನೆ ಕರೆದೆವಲ್ಲ ಅಂತ ಸಂಕೋಚ ಬೇಡ.

ಎಣ್ಣೆ ಸಿಡಿದು ಮೈ ಸುಟ್ಟರೆ, ಒಲೆಯಿಂದ ದೂರ ಬಂದು ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ ಯಾವುದನ್ನೂ ಹಚ್ಚಬೇಡಿ. ಮುಖಕ್ಕೆ ಅಥವಾ ಕೈಗೆ ಆಗಿದ್ದರೆ, ಬೊಬ್ಬೆ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಿ.

ಹೊರಡುವ ಮೊದಲು ಆ ತಾಯಿಯನ್ನು ಒಂದು ಪ್ರಶ್ನೆ ಕೇಳಿದೆ. ಮುಚ್ಚಳ ಎಲ್ಲಿತ್ತು? ಸಿಂಕಿನ ಕೆಳಗಿನ ಕಪಾಟಿನಲ್ಲಿ, ಪಾತ್ರೆಗಳ ರಾಶಿಯ ಅಡಿಯಲ್ಲಿ ಅಂದರು. ಬೆಂಕಿ ಉರಿಯುತ್ತಿರುವಾಗ ಮೊಣಕಾಲೂರಿ ಹುಡುಕಿದ್ದರು. ಕೆಲವು ದಿನಗಳ ನಂತರ ಪೈಪು ನೋಡಲು ಮತ್ತೆ ಹೋದಾಗ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಹೊಸ ಮೊಳೆ ಕಂಡಿತು. ಕೈಗೆ ಸಿಗುವ ಎತ್ತರದಲ್ಲಿ, ಜ್ವಾಲೆ ತಲುಪದಷ್ಟು ದೂರದಲ್ಲಿ. ಸ್ಟೀಲಿನ ಮುಚ್ಚಳ ಅದರಲ್ಲಿ ತೂಗುತ್ತಿತ್ತು.

ನಮಸ್ಕಾರ.